ಕಪ್ ರಾಡಿಯಾಗುತ್ತಿದೆಯೇ? ಬಿಟ್ಟು ಬಿಟ್ಟು ಸುರಿಯುವುದು, ಒಂದೇ ಧಾರೆ ಮತ್ತು ದೋಷ ಹುಡುಕುವ ದಾರಿ

ಪುಡಿಯ ಮೇಲೆ ಬಿಸಿನೀರು ಸುರಿದು ಪೇಪರ್‌ನಲ್ಲಿ ಸೋಸುವ ಪೋರ್-ಓವರ್ ಕಾಫಿ ಮಾಡುವವರಿಂದ ನಾನು ಜಾಸ್ತಿ ಕೇಳುವ ದೂರು ಒಂದೇ. ಬೀಜ ಚೆನ್ನಾಗಿದೆ, ತೂಕ ಸರಿಯಾಗಿದೆ, ನೀರು ಬಿಸಿಯಾಗಿದೆ, ಆದರೂ ಕಪ್ ಮಬ್ಬಾಗಿ ಬರುತ್ತದೆ. ಮೊದಲ ಗುಟುಕಿನಲ್ಲಿ ಹಣ್ಣಿನ ಹುಳಿ ಸುಳಿದು ಹೋಗುತ್ತದೆ. ಅದರ ಹಿಂದೆಯೇ ಎಲ್ಲ ರುಚಿಗಳೂ ಒಂದರಲ್ಲೊಂದು ಕಲಸಿಹೋಗುತ್ತವೆ. ನುಂಗಿದ ಮೇಲೆ ನಾಲಿಗೆ ಒರಟಾಗಿ ಒಣಗುತ್ತದೆ, ಎಳೆ ಬಾಳೆಕಾಯಿ ಕಚ್ಚಿದಾಗಿನ ಒಗರು. ಈ ಬರಹ ಆ ಒಂದು ದೋಷದ ಬಗ್ಗೆ. ನೀರನ್ನು ಬಿಟ್ಟು ಬಿಟ್ಟು ಹಲವು ಸಲ ಹಾಕುವುದಕ್ಕೂ ಒಂದೇ ಧಾರೆಯಲ್ಲಿ ಹಾಕುವುದಕ್ಕೂ ಈ ದೋಷಕ್ಕೂ ನೇರ ಸಂಬಂಧವಿದೆ. ಆದರೆ ಎಲ್ಲ ಸಲವೂ ತಪ್ಪು ಸುರಿಯುವುದರಲ್ಲೇ ಇರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಅದಕ್ಕೂ ಮೊದಲು ನೋಡಬೇಕಾದ ಒಂದೆರಡು ಸಂಗತಿಗಳಿವೆ.

ಮಾತು ಗೊಂದಲವಾಗದಿರಲಿ ಎಂದು ಒಂದು ಅಳತೆ ಇಟ್ಟುಕೊಳ್ಳೋಣ. ಕೋನ್ ಆಕಾರದ ಡ್ರಿಪ್ಪರ್, ಪೇಪರ್ ಫಿಲ್ಟರ್, 15 ಗ್ರಾಂ ಪುಡಿ, 240 ಗ್ರಾಂ ನೀರು. ಮೊದಲ 45 ಗ್ರಾಂ ನೀರು ಪುಡಿ ನೆನೆಯಲು, ಅಂದರೆ ಬ್ಲೂಮ್‌ಗೆ. ಅದಕ್ಕೆ 45 ಸೆಕೆಂಡ್ ಕೊಡಿ. ಉಳಿದ 195 ಗ್ರಾಂ ನೀರನ್ನು ಹೇಗೆ ಹಾಕುತ್ತೇವೆ ಎನ್ನುವುದರಲ್ಲೇ ವ್ಯತ್ಯಾಸ. ನಾಲ್ಕೈದು ಕಂತಿನಲ್ಲಿ ಹಾಕಿದರೆ ಪಲ್ಸ್. ನಿಲ್ಲಿಸದೆ ಸಣ್ಣ ಧಾರೆಯಲ್ಲಿ ಒಂದೇ ಸಲ ಹಾಕಿದರೆ ಒಂದೇ ಧಾರೆ.

ಮೊದಲು ನೀರನ್ನು ವಿಚಾರಿಸಿಕೊಳ್ಳಿ

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕೆಟಲ್ ಒಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಈ ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ತಿಂದುಹಾಕುತ್ತದೆ. ಹುಳಿ ಹೋದ ಕಪ್ ಸಪ್ಪೆಯಾಗಿ, ಮಂದವಾಗಿ ಕಾಣುತ್ತದೆ. ಕುಡಿದವರು ಅದನ್ನೂ 'ಕ್ಲಿಯರ್ ಇಲ್ಲ' ಎಂದೇ ಹೇಳುತ್ತಾರೆ. ಆದರೆ ಈ ಮಂದತನವೇ ಬೇರೆ, ಒಗರಿನ ರಾಡಿಯೇ ಬೇರೆ. ಗಡಸು ನೀರಿನ ಕಪ್ ನಾಲಿಗೆಯನ್ನು ಒಣಗಿಸುವುದಿಲ್ಲ, ಸುಮ್ನೆ ಜೀವ ಇಲ್ಲದಂತೆ ಇರುತ್ತದೆ.

ಇನ್ನೊಂದು ತುದಿಯಲ್ಲಿ ಕ್ಯಾನ್ ನೀರಿದೆ. ಆರ್‌ಒ ಆದ ನೀರಿನಲ್ಲಿ ಕೆಲವೊಮ್ಮೆ ಲವಣ ಏನೂ ಉಳಿದಿರುವುದಿಲ್ಲ. ಅದರಲ್ಲಿ ಮಾಡಿದ ಕಾಫಿ ಚುರುಕು ಹುಳಿಯಾಗಿ, ನಡುವೆ ಟೊಳ್ಳಾಗಿ ಬರುತ್ತದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಪೆನ್ ಆಕಾರದ ಅಗ್ಗದ ಟಿಡಿಎಸ್ ಮೀಟರ್ ಒಂದಿದ್ದರೆ ನೋಡಿಕೊಳ್ಳುವುದು ಸುಲಭ. ಸ್ಪೆಷಾಲ್ಟಿ ಕಾಫಿಯವರು ಬಹಳ ಕಾಲ ಹೇಳಿಕೊಂಡು ಬಂದ ಗುರಿ 150 ಪಿಪಿಎಂ ಆಸುಪಾಸು. 75ರಿಂದ 250ರ ತನಕ ನಡೆಯುತ್ತದೆ. ಕ್ಯಾನ್ ನೀರು 20 ಅಥವಾ 30 ತೋರಿಸಿದರೆ ಅದಕ್ಕೆ ಕುಡಿಯಲು ಬಳಸುವ ನಲ್ಲಿ ನೀರನ್ನು ಸ್ವಲ್ಪ ಬೆರೆಸಿ ಮೇಲೆ ತರಬಹುದು. ಬೋರ್ ನೀರನ್ನು ಮಾತ್ರ ಬೆರೆಸಬೇಡಿ. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೂ ಅದು ಹೋಗುವುದಿಲ್ಲ.

ನೀರಿನ ದೋಷವನ್ನು ಗುರುತಿಸುವುದು ಕಷ್ಟವಲ್ಲ. ಪಲ್ಸ್‌ನಲ್ಲಿ ಒಂದು ಕಪ್, ಒಂದೇ ಧಾರೆಯಲ್ಲಿ ಒಂದು ಕಪ್ ಮಾಡಿ. ಎರಡೂ ಒಂದೇ ರೀತಿ ಮಂದವಾಗಿದ್ದರೆ ನೀರನ್ನೋ ಬೀಜವನ್ನೋ ಅನುಮಾನಿಸಿ. ಒಂದು ಮಬ್ಬು, ಇನ್ನೊಂದು ತಿಳಿ ಆಗಿದ್ದರೆ ಮುಂದೆ ಓದಿ.

ಡ್ರಿಪ್ಪರ್ ಒಳಗೆ ಏನು ನಡೆಯುತ್ತದೆ

ಯಾವ ಗ್ರೈಂಡರ್ ಆದರೂ ಬೀಜವನ್ನು ಒಂದೇ ಗಾತ್ರಕ್ಕೆ ಒಡೆಯುವುದಿಲ್ಲ. ನಮಗೆ ಬೇಕಾದ ತರಿಯ ಜೊತೆ ಹಿಟ್ಟಿನಂಥ ನುಣ್ಣನೆಯ ಪುಡಿಯೂ ಬರುತ್ತದೆ. ಕಾಫಿಯವರು ಅದನ್ನು ಫೈನ್ಸ್ ಎನ್ನುತ್ತಾರೆ. ಅದು ತರಿಯ ನಡುವೆ ಅಲ್ಲಲ್ಲೇ ಕೂತಿರುವಷ್ಟು ಹೊತ್ತು ತೊಂದರೆಯಿಲ್ಲ. ಅದು ಎದ್ದು ಓಡಾಡಲು ಶುರುಮಾಡಿದಾಗ ತೊಂದರೆ.

ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಗೆ ಮೊದಲು ಗದ್ದೆಗೆ ಕಾಲುವೆ ನೀರು ನಿಲ್ಲಿಸಿ ಟ್ರ್ಯಾಕ್ಟರ್‌ನಿಂದ ಕೆಸರು ಮಾಡುತ್ತಾರೆ. ಕಲಕಿದಾಗ ಎದ್ದ ನುಣ್ಣನೆಯ ಮಣ್ಣು ಕೊನೆಗೆ ಕೆಳಗಿಳಿದು ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ನೀರು ಕೆಳಗೆ ಇಂಗುವುದಿಲ್ಲ. ಗದ್ದೆಯಲ್ಲಿ ನಮಗೆ ಬೇಕಾದದ್ದೇ ಅದು. ಫಿಲ್ಟರ್ ಪೇಪರ್ ಮೇಲೆ ಅದೇ ಕೆಲಸ ನಡೆದರೆ ಕಾಫಿ ಕೆಡುತ್ತದೆ.

ಪಲ್ಸ್ ಸುರಿಯುವಾಗ ಆಗುವುದು ಇದೇ. ಒಂದು ಕಂತಿನ ನೀರು ಪೂರ್ತಿ ಇಳಿದುಹೋಗಿದೆ, ಪುಡಿಯ ಮೇಲ್ಮೈ ಬರಿದಾಗಿದೆ ಎಂದುಕೊಳ್ಳಿ. ಮುಂದಿನ ಕಂತಿನ ಧಾರೆ ಆಗ ನೇರವಾಗಿ ಪುಡಿಯ ಮೇಲೆ ಬೀಳುತ್ತದೆ. ಬಿದ್ದ ಜಾಗವನ್ನು ಅಗೆಯುತ್ತದೆ, ನುಣ್ಣನೆಯ ಪುಡಿಯನ್ನು ಎಬ್ಬಿಸುತ್ತದೆ. ಎದ್ದದ್ದು ನೀರಿನ ಜೊತೆ ಪೇಪರ್‌ನತ್ತ ಸಾಗಿ ರಂಧ್ರಗಳಲ್ಲಿ ಕೂರುತ್ತದೆ. ಪ್ರತಿ ಕಂತಿಗೂ ಇದು ಮತ್ತೊಮ್ಮೆ ನಡೆಯುತ್ತದೆ. ಮೊದಲ ಎರಡು ಕಂತು ಬೇಗ ಇಳಿದು, ನಾಲ್ಕನೆಯದು ತೆವಳುತ್ತಾ ಇಳಿಯುತ್ತದಲ್ವಾ? ಕಾರಣ ಇದೇ. ಹೀಗೆ ತಡವಾದಾಗ ನೀರು ಎಲ್ಲ ಕಡೆಯಿಂದಲೂ ಸಮನಾಗಿ ಇಳಿಯುವುದಿಲ್ಲ. ದಾರಿ ಸಿಕ್ಕ ಕಡೆ ಮಾತ್ರ ಹರಿಯುತ್ತದೆ. ಅಲ್ಲಿನ ಪುಡಿಯಿಂದ ಒಳ್ಳೆಯದೆಲ್ಲ ಮುಗಿದ ಮೇಲೂ ನೀರು ಎಳೆಯುತ್ತಲೇ ಇರುತ್ತದೆ. ಕಹಿ ಮತ್ತು ಒಗರು ಬರುವುದು ಅಲ್ಲಿಂದ. ಒಗರು ಬಂದ ಮೇಲೆ ಹಣ್ಣು, ಬೆಲ್ಲ, ಹೂವು ಯಾವುದನ್ನೂ ನಾಲಿಗೆ ಬಿಡಿಸಿ ಗುರುತಿಸಲಾರದು.

ಒಂದೇ ಧಾರೆಯಲ್ಲಿ ಹಾಕಿದಾಗ ಪುಡಿಯ ಮೇಲೆ ಯಾವಾಗಲೂ ಒಂದೆರಡು ಸೆಂಟಿಮೀಟರ್ ನೀರು ನಿಂತಿರುತ್ತದೆ. ಧಾರೆಯ ರಭಸವನ್ನು ಆ ನೀರೇ ತಡೆದುಕೊಳ್ಳುತ್ತದೆ. ಪುಡಿ ಅಷ್ಟಾಗಿ ಕದಡುವುದಿಲ್ಲ, ಪೇಪರ್ ಕೊನೆಯ ತನಕ ತೆರೆದಿರುತ್ತದೆ. ಮೇಲೆ ನಿಂತ ನೀರಿನ ಭಾರಕ್ಕೆ ಕೆಳಗಿನ ಹರಿವೂ ಚುರುಕಾಗಿರುತ್ತದೆ. ಕಪ್ ತಿಳಿಯಾಗುವುದು ಈ ಕಾರಣಕ್ಕೆ.

ಶಾಖದ ಲೆಕ್ಕವೂ ಇದೆ. ಕಂತುಗಳ ನಡುವೆ ಬರಿದಾದ ಪುಡಿ ತಣಿಯುತ್ತದೆ. ನಮ್ಮ ಬಿಸಿಲಿಗೆ ಎಲ್ಲಿ ತಣಿಯುತ್ತದೆ ಎನಿಸಬಹುದು. ಆದರೆ ಬೇಸಿಗೆಯಲ್ಲಿ ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಒಣಗಿರುತ್ತದೆ. ಒಣ ಗಾಳಿ ಬೀಸಿದಷ್ಟೂ ಒದ್ದೆ ಪುಡಿಯಿಂದ ಆವಿ ಬೇಗ ಏಳುತ್ತದೆ, ಆವಿ ಶಾಖವನ್ನೂ ಒಯ್ಯುತ್ತದೆ. ಹೊರಗೆ 42 ಡಿಗ್ರಿ ಇದ್ದರೂ 95 ಡಿಗ್ರಿಯ ಪುಡಿಗೆ ಆ ಗಾಳಿ ತಂಪೇ. ಕಾಫಿ ಮಾಡುವ ಮೂರು ನಿಮಿಷ ಫ್ಯಾನ್ ನಿಲ್ಲಿಸಿ.

ಮೂರು ಲೋಟದ ಪರೀಕ್ಷೆ

ದೋಷ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಯಾವ ಉಪಕರಣವೂ ಬೇಡ, ಮೂರು ಸಣ್ಣ ಲೋಟ ಸಾಕು. ನಿಮ್ಮ ಮಾಮೂಲಿ ರೀತಿಯಲ್ಲೇ ಕಾಫಿ ಮಾಡಿ, ಕೆಳಗೆ ಇಳಿಯುವುದನ್ನು ಮಾತ್ರ ಮೂರು ಪಾಲು ಮಾಡಿ ಹಿಡಿಯಿರಿ. 240 ಗ್ರಾಂ ಹಾಕಿದರೆ ಸುಮಾರು 30 ಗ್ರಾಂ ನೀರನ್ನು ಪುಡಿಯೇ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಬರುವುದು 210 ಗ್ರಾಂ ಹತ್ತಿರ. ಹಾಗಾಗಿ ಲೋಟಕ್ಕೆ 70 ಗ್ರಾಂ. ಡ್ರಿಪ್ಪರ್ ಅನ್ನು ಅಲುಗಾಡಿಸದೆ ಎತ್ತಿ ಮುಂದಿನ ಲೋಟದ ಮೇಲಿಡಿ. ಅಲುಗಾಡಿಸಿದರೆ ಅದೂ ಕದಡಿದಂತೆಯೇ ಆಗುತ್ತದೆ.

ಮೂರೂ ಲೋಟ ಉಗುರು ಬೆಚ್ಚಗಿರುವುದಕ್ಕಿಂತ ಸ್ವಲ್ಪ ಬಿಸಿ ಇರುವಾಗ ಕುಡಿದು ನೋಡಿ. ತುಂಬ ಬಿಸಿ ಇದ್ದಾಗ ಒಗರು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಆರಲು ಹೊತ್ತು ಹಿಡಿಯುತ್ತದೆ, ಕಾಯಿರಿ.

ಮೊದಲ ಲೋಟ ಗಟ್ಟಿಯಾಗಿ, ಹುಳಿಯಾಗಿ, ಸ್ವಲ್ಪ ಜೋರಾಗಿಯೇ ಇರುತ್ತದೆ. ಎರಡನೆಯದು ಸಿಹಿಯ ಕಡೆಗೆ ವಾಲುತ್ತದೆ. ಮೂರನೆಯದು ತೆಳು ಚಹಾದಂತೆ, ತುಸು ಕಹಿ. ಸರಿಯಾದ ಕಾಫಿಯಲ್ಲೂ ಮೂರನೆಯ ಲೋಟ ರುಚಿಯಾಗಿರುವುದಿಲ್ಲ. ಅದರಿಂದ ಗಾಬರಿ ಬೇಡ. ನೋಡಬೇಕಾದದ್ದು ಒಂದೇ. ಆ ಮೂರನೆಯ ಲೋಟ ನಾಲಿಗೆಯನ್ನು ಒಣಗಿಸುತ್ತದೆಯೋ ಇಲ್ಲವೋ?

ಮೂರನೆಯದರಲ್ಲಿ ಮಾತ್ರ ಒಗರಿದ್ದರೆ ಪೇಪರ್ ಕಟ್ಟಿಕೊಂಡಿದೆ, ಕೊನೆಯ ಹೊತ್ತಿನ ಹರಿವು ಕೆಟ್ಟಿದೆ. ಸುರಿಯುವ ರೀತಿ ಬದಲಿಸಿದರೆ ಇದು ಸರಿಹೋಗುತ್ತದೆ. ಮೊದಲ ಲೋಟದಲ್ಲೇ ಒಗರಿದ್ದರೆ ದೋಷ ಇನ್ನೂ ಹಿಂದಿದೆ. ಪುಡಿಯಲ್ಲಿ ಹಿಟ್ಟು ಜಾಸ್ತಿ ಇರಬಹುದು ಅಥವಾ ಬೀಜ ಜಾಸ್ತಿ ಹುರಿದದ್ದಿರಬಹುದು. ಮೂರರಲ್ಲೂ ಒಗರಿಲ್ಲ, ಎಲ್ಲವೂ ಸಪ್ಪೆ ಎಂದಾದರೆ ಮತ್ತೆ ನೀರಿನ ಕಡೆ ಹೋಗಿ.

ಲೋಟದ ತಳದಲ್ಲಿ ಕಣ್ಣಿಗೆ ಕಾಣುವ ಗಸಿ ಇದ್ದರೆ ಅದು ಬೇರೆಯೇ ದೋಷ. ಪೇಪರ್ ನೆಟ್ಟಗೆ ಕೂತಿಲ್ಲ ಅಥವಾ ನೀರು ಪೇಪರ್‌ನ ಅಂಚು ದಾಟಿ ಹೊರಗಿಳಿದಿದೆ. ಸುರಿಯುವ ರೀತಿಯನ್ನು ದೂರಬೇಡಿ.

ಲೋಟದ ಜೊತೆ ಪುಡಿಯನ್ನೂ ನೋಡಿ. ನೀರೆಲ್ಲ ಇಳಿದ ಮೇಲೆ ಡ್ರಿಪ್ಪರ್ ಒಳಗೆ ಬಗ್ಗಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಮೇಲ್ಮೈ ಸಮನಾಗಿ, ತರಿತರಿಯಾಗಿ ಕಂಡರೆ ಒಳ್ಳೆಯದು. ಮೇಲೆ ಹೊಳೆಯುವ ಕೆಸರಿನ ಪದರ ಇದ್ದರೆ, ನಡುವೆ ಗುಂಡಿ ಬಿದ್ದಿದ್ದರೆ ಧಾರೆ ಪುಡಿಯನ್ನು ಅಗೆದಿದೆ.

ಗಂಗಾವತಿಯ ಒಂದು ಕೇಸು

ಗಂಗಾವತಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೇಳಿದ ದೋಷ ಇದೇ ಮಾದರಿಯದು. ಫೋನಿನಲ್ಲಿ ಅವನ ಮಾತು ಹೀಗಿತ್ತು: "ಅಣ್ಣಾ, ಮೊದಲ ಗುಟುಕು ಚಲೋ ಇರ್ತದ. ಆಮ್ಯಾಲ ನಾಲಿಗಿ ಒಣಗಿದಂಗ ಆಗ್ತದ ನೋಡು. ಬೀಜ ಕೆಟ್ಟದ ಏನು?"

ಬೀಜ ಚಿಕ್ಕಮಗಳೂರಿನ ವಾಷ್ಡ್ ಅರಬಿಕಾ, ಅಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ್ದು, ನಡುಹದಕ್ಕಿಂತ ಸ್ವಲ್ಪ ಕಡಿಮೆ ಹುರಿದದ್ದು, ಹುರಿದು ಎರಡು ವಾರ ಆಗಿತ್ತು. ಚಿಕೋರಿ ಇಲ್ಲ. ಗ್ರೈಂಡರ್ ಕೈಯಲ್ಲಿ ತಿರುಗಿಸುವಂಥದ್ದು. ನೀರು ಕ್ಯಾನ್‌ದು, ಅದಕ್ಕೆ ನಲ್ಲಿ ನೀರು ಬೆರೆಸಿ 110ಕ್ಕೆ ತಂದಿದ್ದ. ಹಾಗಾಗಿ ನೀರನ್ನು ಬಿಟ್ಟೆವು.

ಅವನು ಬ್ಲೂಮ್ ಆದ ಮೇಲೆ ಐದು ಕಂತಿನಲ್ಲಿ ಹಾಕುತ್ತಿದ್ದ. ಪ್ರತಿ ಕಂತಿಗೆ 39 ಗ್ರಾಂ. 45ನೆಯ ಸೆಕೆಂಡಿಗೆ ಮೊದಲನೆಯದು, ಆಮೇಲೆ ಪ್ರತಿ 30 ಸೆಕೆಂಡಿಗೆ ಒಂದು. ನೀರು ಇಳಿದು ಮುಗಿಯುವಾಗ 4 ನಿಮಿಷ 20 ಸೆಕೆಂಡ್. ಇಷ್ಟು ಕಂತು ಯಾಕೆ ಎಂದು ಕೇಳಿದಾಗ ಜಪಾನಿನ ಟೆತ್ಸು ಕಸುಯಾ ಅವರ ಹೆಸರು ಹೇಳಿದ. 2016ರ ವರ್ಲ್ಡ್ ಬ್ರೂವರ್ಸ್ ಕಪ್ ಗೆದ್ದವರು ಅವರು. ಅವರ 4:6 ವಿಧಾನದಲ್ಲಿ ಐದು ಕಂತು ಇರುವುದು ನಿಜ. 20 ಗ್ರಾಂ ಪುಡಿಗೆ 300 ಗ್ರಾಂ ನೀರು, 60 ಗ್ರಾಂನ ಐದು ಕಂತು, ನಡುವೆ 45 ಸೆಕೆಂಡ್. ಆದರೆ ಅದರಲ್ಲಿ ಪುಡಿ ಒರಟು, ಪೋರ್-ಓವರ್‌ಗೆ ಸಾಮಾನ್ಯವಾಗಿ ಬಳಸುವುದಕ್ಕಿಂತ ತುಂಬ ಒರಟು. ಒರಟು ಪುಡಿಯಲ್ಲಿ ಹಿಟ್ಟು ಕಡಿಮೆ, ನೀರು ಸರಾಗವಾಗಿ ಇಳಿಯುತ್ತದೆ. ಅಲ್ಲಿ ಐದು ಸಲ ಕದಡಿದರೂ ಪೇಪರ್ ಕಟ್ಟುವುದಿಲ್ಲ. ಅಷ್ಟು ಒರಟಾದ ಪುಡಿಯಿಂದ ಸಾಕಷ್ಟು ರುಚಿ ತೆಗೆಯಲು ಆ ಕದಡುವಿಕೆ ಬೇಕೂ ಬೇಕು. ನನ್ನ ತಮ್ಮ ತೆಗೆದುಕೊಂಡದ್ದು ಕಂತುಗಳನ್ನು ಮಾತ್ರ. ಪುಡಿ ನಡುಹದಕ್ಕಿಂತ ಸಣ್ಣದಾಗಿಯೇ ಇತ್ತು. ಮಬ್ಬು ಕಪ್‌ಗಳಲ್ಲಿ ನಾನು ಕಂಡ ದೊಡ್ಡ ಪಾಲು ಇದೇ ಬೆರಕೆಯಿಂದ ಬಂದದ್ದು: ಒಬ್ಬರ ಕಂತು, ಇನ್ನೊಬ್ಬರ ಪುಡಿ.

ಮೊದಲು ಏನನ್ನೂ ಬದಲಿಸದೆ ಮೂರು ಲೋಟದ ಪರೀಕ್ಷೆ ಮಾಡಲು ಹೇಳಿದೆ. "ಮೊದಲನೇದು, ಎರಡನೇದು ಏನೂ ಇಲ್ಲ ಅಣ್ಣಾ, ಮೂರನೇದು ಮಾತ್ರ ಬಾಯಿಗೆ ಹಿಡಿಯವಲ್ದು" ಎಂದ. ಪುಡಿಯ ಫೋಟೊ ಕಳಿಸಿದ. ನಡುವೆ ಗುಂಡಿ, ಮೇಲೆ ನುಣ್ಣನೆಯ ಹೊಳೆಯುವ ಪದರ. ಅಲ್ಲಿಗೆ ಬೀಜದ ಮೇಲಿನ ಅನುಮಾನ ಹೋಯಿತು.

ಎರಡನೆಯ ಹೆಜ್ಜೆಯಲ್ಲಿ ಪುಡಿ, ನೀರು, ತೂಕ ಎಲ್ಲ ಅದೇ. ಸುರಿಯುವುದನ್ನು ಮಾತ್ರ ಬದಲಿಸಿದ. ಬ್ಲೂಮ್ ಆದ ಮೇಲೆ 195 ಗ್ರಾಂ ಒಂದೇ ಧಾರೆಯಲ್ಲಿ, ಸೆಕೆಂಡಿಗೆ 3ರಿಂದ 4 ಗ್ರಾಂನಂತೆ. ಸುರಿದು ಮುಗಿದದ್ದು 1 ನಿಮಿಷ 40 ಸೆಕೆಂಡಿಗೆ, ಇಳಿದು ಮುಗಿದದ್ದು 2 ನಿಮಿಷ 25 ಸೆಕೆಂಡಿಗೆ. ಅದೇ ಪುಡಿಗೆ ಹೆಚ್ಚುಕಡಿಮೆ ಎರಡು ನಿಮಿಷದ ವ್ಯತ್ಯಾಸ. ಸುರಿಯಲು ತೆಗೆದುಕೊಂಡ ಹೊತ್ತು ಕಡಿಮೆಯಾದದ್ದು ಒಂದು ಕಾರಣ. ಆದರೆ ಕೊನೆಯ ನೀರು ಬಿದ್ದ ಮೇಲೆ ಇಳಿಯಲು ಹಿಡಿದ ಹೊತ್ತನ್ನು ನೋಡಿ. ಪಲ್ಸ್‌ನಲ್ಲಿ 39 ಗ್ರಾಂನ ಕೊನೆಯ ಕಂತು ಇಳಿಯಲು ಒಂದೂವರೆ ನಿಮಿಷ ಹಿಡಿದಿತ್ತು. ಒಂದೇ ಧಾರೆಯಲ್ಲಿ ಅದಕ್ಕಿಂತ ಜಾಸ್ತಿ ನೀರು ಮೇಲೆ ನಿಂತಿದ್ದರೂ ಮುಕ್ಕಾಲು ನಿಮಿಷದಲ್ಲಿ ಇಳಿಯಿತು. ಪೇಪರ್ ಕಟ್ಟಿದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಕಪ್‌ನಲ್ಲಿ ಒಗರು ಇರಲಿಲ್ಲ. ಕಿತ್ತಳೆಯ ಹುಳಿ, ಅದರ ಹಿಂದೆ ಬೆಲ್ಲದ ಸಿಹಿ, ಎರಡೂ ಬೇರೆ ಬೇರೆಯಾಗಿ ಗೊತ್ತಾದವು. ಆದರೆ ಹುಳಿ ಮುಂದಾಗಿತ್ತು, ಕಾಫಿ ತೆಳುವಾಗಿತ್ತು. ಇದನ್ನು ಮೊದಲೇ ನಿರೀಕ್ಷಿಸಬೇಕು. ಕದಡುವುದನ್ನು ನಿಲ್ಲಿಸಿ ಸಮಯವನ್ನೂ ಇಳಿಸಿದರೆ ಪುಡಿಯಿಂದ ಬರುವ ರುಚಿಯೂ ಇಳಿಯುತ್ತದೆ. ಎಷ್ಟೋ ಜನ ಇಲ್ಲಿಗೆ ಬಂದು, 'ಒಂದೇ ಧಾರೆ ತೆಳು ಮಾಡುತ್ತದೆ' ಎಂದು ಮತ್ತೆ ಪಲ್ಸ್‌ಗೆ ಮರಳುತ್ತಾರೆ. ಇನ್ನೊಂದು ಹೆಜ್ಜೆ ಬಾಕಿ ಇದೆ.

ಆ ಹೆಜ್ಜೆ ಪುಡಿಯದು. ಗ್ರೈಂಡರ್ ಅನ್ನು ಎರಡು ಕ್ಲಿಕ್ ಸಣ್ಣಕ್ಕೆ ತಂದ. ಧಾರೆಯನ್ನೂ ಸೆಕೆಂಡಿಗೆ 3 ಗ್ರಾಂಗೆ ಇಳಿಸಿದ, ಸುರಿದು ಮುಗಿಯುವಾಗ 1 ನಿಮಿಷ 50 ಸೆಕೆಂಡ್. ಇಳಿದು ಮುಗಿದದ್ದು 2 ನಿಮಿಷ 55 ಸೆಕೆಂಡಿಗೆ. ಹುಳಿ ಹಿಂದೆ ಸರಿಯಿತು, ಬೆಲ್ಲದ ಸಿಹಿ ಮುಂದೆ ಬಂತು, ಮೂರನೆಯ ಲೋಟದಲ್ಲೂ ನಾಲಿಗೆ ಒಣಗಲಿಲ್ಲ. ಅವನಿಗೇ ಆಶ್ಚರ್ಯವಾದದ್ದು, ಮೊದಲಿಗಿಂತ ಸಣ್ಣ ಪುಡಿಯಲ್ಲಿ ಮೊದಲಿಗಿಂತ ತಿಳಿಯಾದ ಕಪ್ ಬಂತಲ್ಲ ಎಂದು. ಸಣ್ಣ ಪುಡಿ ತಾನಾಗಿ ರಾಡಿ ಮಾಡುವುದಿಲ್ಲ. ಕದಡಿದ ಸಣ್ಣ ಪುಡಿ ಮಾಡುತ್ತದೆ.

ಕೊನೆಗೆ ನಡುವಿನ ದಾರಿಯೊಂದನ್ನೂ ನೋಡಿದೆವು. ಮೊದಲಿನ ಪುಡಿ, ಬ್ಲೂಮ್ ಆದ ಮೇಲೆ ಎರಡೇ ಕಂತು, 100 ಗ್ರಾಂ ಮತ್ತು 95 ಗ್ರಾಂ. ಮೊದಲ ಕಂತು ಪೂರ್ತಿ ಇಳಿಯಲು ಬಿಡದೆ, ಪುಡಿಯ ಮೇಲೆ ಇನ್ನೂ ಒಂದು ಸೆಂಟಿಮೀಟರ್ ನೀರು ಇರುವಾಗಲೇ ಎರಡನೆಯದನ್ನು ಹಾಕಿದ. ಕೆಟಲ್‌ನ ಮೂತಿ ನೀರಿಗೆ ಹತ್ತಿರ, ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿ. 3 ನಿಮಿಷ 5 ಸೆಕೆಂಡ್ ಆಯಿತು. ಒಂದೇ ಧಾರೆಯಷ್ಟು ತಿಳಿಯಲ್ಲ, ಆದರೆ ಒಗರಿಲ್ಲ, ಬಾಯಿ ತುಂಬುವಂತಿತ್ತು. ತಮ್ಮನಿಗೆ ಒಂದೇ ಧಾರೆಯ ಕಪ್ ಹಿಡಿಸಿತು. ಚಿಕ್ಕಪ್ಪನಿಗೆ ಗಟ್ಟಿ ಬೇಕು, ಅವರಿಗೆ ಎರಡು ಕಂತಿನದು.

ಒಂದೇ ಧಾರೆ ತರುವ ದೋಷಗಳು

ಒಂದೇ ಧಾರೆಗೂ ತನ್ನದೇ ರೋಗಗಳಿವೆ. ದೊಡ್ಡದು ತೆಳುತನ. ಅದರಲ್ಲಿ ಎರಡು ಬಗೆ ಇದೆ, ಮದ್ದೂ ಬೇರೆ ಬೇರೆ.

ಧಾರೆ ಜೋರಾಗಿ ನೀರು ಡ್ರಿಪ್ಪರ್‌ನ ಅಂಚಿನ ತನಕ ಏರಿತು ಎಂದುಕೊಳ್ಳಿ. ಪುಡಿ ಕೆಳಗಿದೆ, ಅದರ ಮೇಲೆ ಬರೀ ನೀರು. ಆ ಎತ್ತರದಲ್ಲಿ ಪೇಪರ್‌ನ ಹಿಂದೆ ಪುಡಿ ಇಲ್ಲ. ನೀರು ಪುಡಿಯನ್ನು ಹಾದುಹೋಗದೆ ಪಕ್ಕದಿಂದಲೇ ಸೋರಿ, ಡ್ರಿಪ್ಪರ್‌ನ ಗೀರುಗಳಲ್ಲಿ ಇಳಿದು ಕಪ್ ಸೇರುತ್ತದೆ. ಹೀಗೆ ಕಳ್ಳದಾರಿಯಲ್ಲಿ ಬಂದ ನೀರು ಕಾಫಿಗೆ ನೀರು ಬೆರೆಸಿದಂತೆಯೇ. ರುಚಿ ಸರಿಯಾಗಿರುತ್ತದೆ, ಸಿಹಿಯೂ ಇರುತ್ತದೆ, ಆದರೆ ನೀರುನೀರು. ಇದಕ್ಕೆ ಪುಡಿ ಸಣ್ಣ ಮಾಡುವುದು ಮದ್ದಲ್ಲ. ಧಾರೆ ಸಣ್ಣ ಮಾಡಿ, ನೀರಿನ ಮಟ್ಟವನ್ನು ಪುಡಿಗಿಂತ ಎರಡು ಸೆಂಟಿಮೀಟರ್ ಮೇಲೆ ಮಾತ್ರ ಇಡಿ.

ಇನ್ನೊಂದು ತೆಳುತನದಲ್ಲಿ ಹುಳಿ ಚುಚ್ಚುತ್ತದೆ, ಸಿಹಿ ಇರುವುದಿಲ್ಲ, ಕೆಲವೊಮ್ಮೆ ಉಪ್ಪಿನ ಛಾಯೆ. ಅದು ಪುಡಿಯಿಂದ ಸಾಕಷ್ಟು ಬಂದಿಲ್ಲ ಎಂಬ ಗುರುತು. ಅದಕ್ಕೆ ಪುಡಿ ಸಣ್ಣ ಮಾಡಿ, ನೀರನ್ನು ಕುದಿಯಿಂದ ಇಳಿಸಿದ ಕೂಡಲೇ ಬಳಸಿ. ಬಳ್ಳಾರಿಯ ಎತ್ತರಕ್ಕೆ ನೀರು ಕುದಿಯುವುದೇ 98 ಡಿಗ್ರಿ ಆಸುಪಾಸಿನಲ್ಲಿ, ಕೆಟಲ್‌ನಿಂದ ಪುಡಿಗೆ ಬೀಳುವಷ್ಟರಲ್ಲಿ ಇನ್ನೂ ಇಳಿದಿರುತ್ತದೆ. ಕಡಿಮೆ ಹುರಿದ ಬೀಜಕ್ಕೆ ಆರಲು ಬಿಡುವ ಅಗತ್ಯವೇ ಇಲ್ಲ. ಪಿಂಗಾಣಿ ಡ್ರಿಪ್ಪರ್ ಆದರೆ ಮೊದಲು ಬಿಸಿನೀರು ಹಾಯಿಸಿ ಕಾಯಿಸಿಕೊಳ್ಳಿ. ಇಲ್ಲದಿದ್ದರೆ ಅದೇ ಶಾಖ ಹೀರುತ್ತದೆ. ಪ್ಲಾಸ್ಟಿಕ್‌ನದಕ್ಕೆ ಆ ಗೋಳು ಕಡಿಮೆ.

ಒಂದೇ ಧಾರೆಯನ್ನು ಪುಡಿಯ ನಡುಭಾಗಕ್ಕೇ ಹಿಡಿದು ಸುರಿದರೂ ಗುಂಡಿ ಬೀಳುತ್ತದೆ. ಪಕ್ಕದ ಪುಡಿ ಪೇಪರ್‌ಗೆ ಅಂಟಿ ಮೇಲೆಯೇ ಉಳಿಯುತ್ತದೆ. ನಡುವಿನಿಂದ ಶುರುಮಾಡಿ ಸಣ್ಣ ಸುತ್ತು ಹಾಕುತ್ತಾ ಹೋಗಿ. ಪೇಪರ್‌ಗೆ ನೇರವಾಗಿ ನೀರು ಬೀಳಿಸಬೇಡಿ.

ಸಪೂರ, ಬಾಗಿದ ಮೂತಿಯ ಗೂಸ್‌ನೆಕ್ ಕೆಟಲ್ ಇಲ್ಲದವರು ಸ್ಟೀಲ್ ಪಾತ್ರೆಯಿಂದಲೋ ಚಹಾ ಕೆಟಲಿನಿಂದಲೋ ಸುರಿಯುತ್ತಾರೆ. ಅದರಲ್ಲಿ ಧಾರೆ ದಪ್ಪ. ಹಾಗಾಗಿ ಪಲ್ಸ್‌ನ ಪೆಟ್ಟೂ ದೊಡ್ಡದು. ಅಂಥವರು ಡ್ರಿಪ್ಪರ್ ಮೇಲೆ ಒಂದು ಚಮಚವನ್ನು ಬೋರಲಾಗಿ ಹಿಡಿದು ಅದರ ಬೆನ್ನಿನ ಮೇಲೆ ಸುರಿಯಲಿ. ನೀರು ಹರಡಿ ಬೀಳುತ್ತದೆ, ಅಗೆಯುವುದಿಲ್ಲ.

ಪಲ್ಸ್ ಸರಿಯಾದ ಕಡೆ

ತಿಳಿಯಾದ ಕಪ್ ಬೇಕೆಂದರೆ ನಾನು ಒಂದೇ ಧಾರೆಯ ಕಡೆ. ವಾಷ್ಡ್ ಬೀಜಗಳಿಗೆ ಅದರಲ್ಲಿ ಅನುಮಾನವಿಲ್ಲ. ಆದರೂ ಕಂತುಗಳನ್ನು ಬಿಡಲಾಗದ ಕೆಲವು ಸಂದರ್ಭಗಳಿವೆ. 30 ಗ್ರಾಂ ಪುಡಿಗೆ ಮನೆಮಂದಿಗೆಲ್ಲ ಒಟ್ಟಿಗೆ ಮಾಡುವಾಗ ಅಷ್ಟೂ ನೀರು ಸಣ್ಣ ಡ್ರಿಪ್ಪರ್‌ನಲ್ಲಿ ಹಿಡಿಯುವುದಿಲ್ಲ, ನಿಲ್ಲಿಸಲೇಬೇಕು. ಒರಟು ಪುಡಿಯೇ ಬೇಕೆನ್ನುವವರಿಗೆ ಕಂತಿಲ್ಲದೆ ಕಾಫಿ ಸಾಕಷ್ಟು ಇಳಿಯುವುದಿಲ್ಲ. ಹುರಿದು ಮೂರ್ನಾಲ್ಕು ದಿನವಷ್ಟೇ ಆದ ಬೀಜದಲ್ಲಿ ಗಾಳಿ ತುಂಬಿರುತ್ತದೆ, ಪುಡಿ ಉಬ್ಬಿ ತೇಲುತ್ತದೆ. ಒಂದೇ ಧಾರೆ ಅದನ್ನು ಮೇಲೆತ್ತಿಕೊಂಡೇ ಹೋಗುತ್ತದೆ. ಅಲ್ಲಿ ಬ್ಲೂಮ್‌ಗೆ ಒಂದು ನಿಮಿಷ ಕೊಡಿ, ಆಮೇಲೆ ಎರಡು ಕಂತು.

ಹಣ್ಣಿನ ಸಮೇತ ಒಣಗಿಸಿದ ನ್ಯಾಚುರಲ್ ಬೀಜಗಳಲ್ಲಿ ಕಪ್ ದಪ್ಪವಾಗಿರುವುದೇ ಚೆಂದ ಎನ್ನುವವರಿದ್ದಾರೆ. ಅವರಿಗೆ ಎರಡು ಮೂರು ಕಂತು ಒಪ್ಪುತ್ತದೆ, ಪುಡಿ ಬರಿದಾಗಲು ಬಿಡದಿದ್ದರೆ ಸಾಕು.

ಮಿಕ್ಸರ್‌ನಲ್ಲಿ ಬೀಜ ಪುಡಿ ಮಾಡುವವರ ಕಪ್ ಮಾತ್ರ ಯಾವ ಧಾರೆಯಿಂದಲೂ ಪೂರ್ತಿ ತಿಳಿಯಾಗದು. ಅದರ ಬ್ಲೇಡ್ ಬೀಜವನ್ನು ಸಿಕ್ಕಂತೆ ಚಚ್ಚುತ್ತದೆ, ಹಿಟ್ಟೂ ತುಂಡೂ ಒಟ್ಟಿಗೆ ಬರುತ್ತವೆ. ಅಲ್ಲಿ ಮೊದಲ ಲೋಟದಲ್ಲೇ ಒಗರು ಸಿಗುತ್ತದೆ. ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: 18 ಗ್ರಾಂ ಪುಡಿ ಮಾಡಿ, ಮೈದಾ ಜರಡಿಯಲ್ಲಿ ಅರ್ಧ ನಿಮಿಷ ಆಡಿಸಿ, ಕೆಳಗಿಳಿದ ಹಿಟ್ಟನ್ನು ಬದಿಗಿಡಿ. ಮೇಲುಳಿದದ್ದರಲ್ಲಿ 15 ಗ್ರಾಂ ತೂಗಿ ಒಂದೇ ಧಾರೆಯಲ್ಲಿ ಮಾಡಿ. ಬದಿಗಿಟ್ಟ ಹಿಟ್ಟನ್ನು ಎಸೆಯಬೇಕಿಲ್ಲ, ಹಾಲಿನ ಕಾಫಿಗೆ ಸ್ಟೀಲ್ ಫಿಲ್ಟರಿಗೆ ಹಾಕುವ ಪುಡಿಯ ಜೊತೆ ಬೆರೆಸಿಕೊಳ್ಳಬಹುದು.